ನಾಲ್ಕು ಕೋಣೆಗಳ ಒಂದು ಹಾಳೆ: ಕೊನೆಯ ವರ್ಷದ ವಿದ್ಯಾರ್ಥಿಗೆ ಓದೋ, ಕೆಲಸವೋ?

(ಟ್ರಸ್ಟ್‌ನ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಶಿಕ್ಷಣ ಸಮಿತಿಯ ಪರವಾಗಿ ಮಾಡಿದ ಭಾಷಣದ ಪಠ್ಯ)





ಈ ವರ್ಷದಿಂದ ಪದವಿಯ ಕೊನೆಯ ವರ್ಷದಲ್ಲಿರುವವರ ಅರ್ಜಿಯ ಜೊತೆಗೆ ಒಂದು ಹಾಳೆಯನ್ನು ಹೆಚ್ಚಾಗಿ ಕೇಳುತ್ತಿದ್ದೇವೆ. ಅದಕ್ಕೆ ಕಾಲೇಜುಗಳಲ್ಲಿ ಸ್ವಾಟ್ ವಿಶ್ಲೇಷಣೆ ಎನ್ನುತ್ತಾರೆ. ಸಾಮರ್ಥ್ಯ, ದೌರ್ಬಲ್ಯ, ಅವಕಾಶ, ಅಪಾಯ ಎಂಬ ನಾಲ್ಕು ಕೋಣೆಗಳು ಅದರಲ್ಲಿರುತ್ತವೆ. ಬಿ.ಕಾಂ., ಬಿಬಿಎ ಓದಿದವರು ಪರೀಕ್ಷೆಗೆ ಇದನ್ನು ಬರೆದೇ ಇರುತ್ತೀರಿ. ಪರೀಕ್ಷೆಯಲ್ಲಿ ಕಂಪನಿಯೊಂದರ ಬಗ್ಗೆ ಬರೆಯುವುದು ಸುಲಭ. ನಿಮ್ಮದೇ ಬಗ್ಗೆ, ಅದೂ ಮನೆಯವರ ಕಣ್ಣಿಗೆ ಬೀಳುವ ಹಾಗೆ ಬರೆಯುವುದು ಕಷ್ಟ. ಹೇಗೆ ಬರೆಯಬೇಕು ಎಂದು ಹಲವರು ಕೇಳಿದ್ದರಿಂದ ಇಂದು ಅದನ್ನೇ ಮಾತನಾಡೋಣ ಎಂದುಕೊಂಡೆವು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಮ್ಮ ಜಿಲ್ಲೆಯ ಹಲವು ಮನೆಗಳ ಸಂಗತಿಗಳನ್ನು ಸೇರಿಸಿ ಮಾಡಿಕೊಂಡ ಉದಾಹರಣೆ ಇದು. ಇಂಥವರದೇ ಎಂದು ಯಾರೂ ಹುಡುಕಬೇಡಿ. ಬಂಟ್ವಾಳ ತಾಲೂಕಿನ ಒಂದು ಊರು. ಹುಡುಗಿ ಮಂಗಳೂರಿನ ಕಾಲೇಜಿನಲ್ಲಿ ಬಿಸಿಎ ಆರನೇ ಸೆಮಿಸ್ಟರ್‌ನಲ್ಲಿದ್ದಾಳೆ. ತಂದೆ ಗಲ್ಫ್‌ನಿಂದ ಹಿಂದಿರುಗಿ ಈಗ ಗೂಡ್ಸ್ ಆಟೋ ಓಡಿಸುತ್ತಾರೆ. ತಾಯಿ ಬೀಡಿ ಕಟ್ಟುತ್ತಾರೆ, ಬೆನ್ನುನೋವು ಬಂದ ಮೇಲೆ ಮೊದಲಿನಷ್ಟು ಆಗುತ್ತಿಲ್ಲ. ತಮ್ಮ ಪಿಯುಸಿಯಲ್ಲಿದ್ದಾನೆ, ಮುಂದಿನ ವರ್ಷ ಸಿಇಟಿ ಬರೆಯುತ್ತಾನೆ. ಹುಡುಗಿಗೆ ಕ್ಯಾಂಪಸ್ ಸಂದರ್ಶನದಲ್ಲಿ ಬೆಂಗಳೂರಿನ ಕಂಪನಿಯೊಂದರ ಕೆಲಸ ಸಿಕ್ಕಿದೆ, ವಾರ್ಷಿಕ ಪ್ಯಾಕೇಜ್ 3,60,000 ರೂಪಾಯಿ. ಅವಳಿಗೆ ಎಂಸಿಎ ಓದುವ ಆಸೆ. ತಂದೆಗೆ ಎರಡೂ ಸರಿ, ಎರಡೂ ಭಯ.

ಅವಳು ಮೊದಲು ಬರೆದು ತರುವ ಹಾಳೆ ಹೇಗಿರುತ್ತದೆ ಎಂದು ನಮಗೆ ಗೊತ್ತಿದೆ, ಏಕೆಂದರೆ ಸಂದರ್ಶನದಲ್ಲಿ ಅದನ್ನೇ ನೋಡುತ್ತಾ ಬಂದಿದ್ದೇವೆ. ಸಾಮರ್ಥ್ಯದ ಕೋಣೆಯಲ್ಲಿ ಕಠಿಣ ಪರಿಶ್ರಮಿ, ಪ್ರಾಮಾಣಿಕಳು, ಬೇಗ ಕಲಿಯುವವಳು. ದೌರ್ಬಲ್ಯದಲ್ಲಿ ನಾಚಿಕೆ ಸ್ವಭಾವ, ಎಲ್ಲರನ್ನೂ ನಂಬುತ್ತೇನೆ. ಅವಕಾಶದಲ್ಲಿ ಐಟಿ ಕ್ಷೇತ್ರ ಬೆಳೆಯುತ್ತಿದೆ. ಅಪಾಯದಲ್ಲಿ ಸ್ಪರ್ಧೆ ಹೆಚ್ಚು. ಇದನ್ನು ಹೆಸರು ಬದಲಿಸಿ ಪಕ್ಕದ ಕುರ್ಚಿಯಲ್ಲಿ ಕೂತವರ ಅರ್ಜಿಗೆ ಲಗತ್ತಿಸಿದರೂ ವ್ಯತ್ಯಾಸ ತಿಳಿಯುವುದಿಲ್ಲ. ಓದಬೇಕೋ ಕೆಲಸಕ್ಕೆ ಹೋಗಬೇಕೋ ಎಂಬುದಕ್ಕೆ ಇದರಲ್ಲಿ ಒಂದು ಅಕ್ಷರದ ಸಹಾಯವೂ ಇಲ್ಲ.

ಕಾರಣ ಸರಳ. ಹಾಳೆಯ ತಲೆಯ ಮೇಲೆ ಗುರಿ ಬರೆದಿಲ್ಲ. ಸಾಮರ್ಥ್ಯ ಅಂದರೆ ಯಾವುದಕ್ಕೆ ಸಾಮರ್ಥ್ಯ? ಮಗ್ಗಿ ಬಾಯಿಪಾಠ ಬರುವುದು ಅಂಗಡಿಯಲ್ಲಿ ಕೂರುವವನಿಗೆ ಸಾಮರ್ಥ್ಯ, ಡ್ರೈವರ್‌ಗೆ ಅದರಿಂದ ಹೆಚ್ಚೇನೂ ಆಗದು. ಹಾಗಾಗಿ ಮೊದಲ ಸಾಲಿನಲ್ಲಿ ಹತ್ತು ವರ್ಷದ ನಂತರ ಏನಾಗಿರಬೇಕು ಎಂದು ಬರೆಯಿರಿ, ಎರಡನೇ ಸಾಲಿನಲ್ಲಿ ಮುಂದಿನ ಎರಡು ವರ್ಷದಲ್ಲಿ ಮನೆಗೆ ಏನು ಆಗಲೇಬೇಕು ಎಂದು ಬರೆಯಿರಿ. ನಮ್ಮ ಹುಡುಗಿಯನ್ನು ಕೂರಿಸಿ ಕೇಳಿದರೆ ಅವಳು ಹೇಳುತ್ತಾಳೆ: ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಲೆಕ್ಚರರ್ ಆಗಬೇಕು. ಮನೆಗೆ ಏನಾಗಬೇಕು ಎಂದರೆ, ತಮ್ಮನ ಓದು ನಿಲ್ಲಬಾರದು, ಉಮ್ಮ ಬೀಡಿ ಕಟ್ಟುವುದು ಕಡಿಮೆಯಾಗಬೇಕು.

ಈ ಎರಡು ಸಾಲು ಬಂದ ಕೂಡಲೇ ಪ್ರಶ್ನೆಯ ರೂಪವೇ ಬದಲಾಯಿತು, ಗಮನಿಸಿ. ಯುಜಿಸಿಯ ನೆಟ್ ಪರೀಕ್ಷೆಯ ಮೂಲಕ ಲೆಕ್ಚರರ್ ಅರ್ಹತೆ ಪಡೆಯಲು ಸ್ನಾತಕೋತ್ತರ ಪದವಿ ಬೇಕು, ಸಾಮಾನ್ಯ ವರ್ಗಕ್ಕೆ ಅದರಲ್ಲಿ 55 ಶೇಕಡಾ ಅಂಕ ಬೇಕು. ಬಿಸಿಎ ಇಟ್ಟುಕೊಂಡು ಆ ಬಾಗಿಲು ತಟ್ಟಲಾಗದು. ಆದ್ದರಿಂದ ಎಂಸಿಎ ಬೇಕೋ ಬೇಡವೋ ಎಂಬುದು ಈಗ ಪ್ರಶ್ನೆಯಲ್ಲ. ಯಾವಾಗ, ಹೇಗೆ ಎಂಬುದಷ್ಟೇ ಪ್ರಶ್ನೆ. ಅದೇ ಹುಡುಗಿಯ ಗುರಿ ಸಾಫ್ಟ್‌ವೇರ್ ಬರೆಯುವುದೇ ಆಗಿದ್ದರೆ ಈ ಹಾಳೆ ಬೇರೆಯದೇ ಆಗುತ್ತಿತ್ತು.

ಇನ್ನು ಕೋಣೆಗಳಿಗೆ ಬರೋಣ. ಮೇಲಿನ ಎರಡು ಕೋಣೆ, ಅಂದರೆ ಸಾಮರ್ಥ್ಯ ಮತ್ತು ದೌರ್ಬಲ್ಯ, ನಿಮ್ಮೊಳಗಿನ ಮತ್ತು ನಿಮ್ಮ ಕೈಯಲ್ಲಿರುವ ಸಂಗತಿಗಳು. ಕೆಳಗಿನ ಎರಡು, ಅವಕಾಶ ಮತ್ತು ಅಪಾಯ, ಹೊರಗೆ ನಡೆಯುವಂಥವು. ನೀವು ಹುಟ್ಟದಿದ್ದರೂ ಅವು ಇರುತ್ತಿದ್ದವು. ಇಂಗ್ಲಿಷ್ ಬರುವುದಿಲ್ಲ ಎಂಬುದು ಅಪಾಯವಲ್ಲ, ದೌರ್ಬಲ್ಯ. ಅದನ್ನು ನೀವು ಬದಲಿಸಬಹುದು. ಹೊಸಬರನ್ನು ಆರಿಸಿದ ಕಂಪನಿ ಸೇರುವ ದಿನವನ್ನು ಮುಂದೂಡುವುದು ಅಪಾಯ. ಅದನ್ನು ನೀವು ಬದಲಿಸಲಾರಿರಿ, ಆದರೆ ಸಿದ್ಧವಾಗಿರಬಹುದು. ಎರಡನ್ನೂ ಒಂದೇ ಕೋಣೆಯಲ್ಲಿ ಹಾಕಿದರೆ ಬದಲಿಸಬಹುದಾದ್ದಕ್ಕೂ ಕೈಕಟ್ಟಿ ಕೂರುತ್ತೀರಿ.

ಒಳಗಿನ ಕೋಣೆಗಳಿಗೆ ನಾವು ಒಂದೇ ಕಟ್ಟಳೆ ಇಟ್ಟಿದ್ದೇವೆ. ಪ್ರತಿ ಸಾಲಿಗೂ ಇನ್ನೊಬ್ಬರು ನೋಡಬಹುದಾದ ಪುರಾವೆ ಇರಬೇಕು. ಬೇಗ ಕಲಿಯುತ್ತೇನೆ ಎಂದು ಬರೆದ ನಮ್ಮ ಹುಡುಗಿಯನ್ನು ಹೇಗೆ ಗೊತ್ತು ಎಂದು ಕೇಳಿದಾಗ, ಸೋದರಮಾವನ ದಿನಸಿ ಅಂಗಡಿಯ ಸಾಲದ ಪುಸ್ತಕಕ್ಕೆ ತಾನೇ ಒಂದು ಪ್ರೋಗ್ರಾಂ ಬರೆದುಕೊಟ್ಟ ವಿಷಯ ಹೊರಗೆ ಬರುತ್ತದೆ. ಎಂಟು ತಿಂಗಳಿಂದ ಅಂಗಡಿಯಲ್ಲಿ ಅದು ಬಳಕೆಯಲ್ಲಿದೆ. ಮಧ್ಯದಲ್ಲಿ ಎರಡು ಸಲ ಕೆಟ್ಟಿತ್ತು, ಇವಳೇ ಸರಿಮಾಡಿದ್ದಾಳೆ. ಅದನ್ನು ಅವಳು ಹಾಳೆಯಲ್ಲಿ ಬರೆದೇ ಇರಲಿಲ್ಲ, ಮನೆಯ ಕೆಲಸವಲ್ಲವೇ ಎಂದು! ನೂರು ವಿಶೇಷಣಗಳಿಗಿಂತ ಆ ಒಂದು ಸಾಲು ತೂಕದ್ದು. ಇನ್ನೊಂದು, ಪಕ್ಕದ ಮನೆಯ ಮೂವರು ಹೈಸ್ಕೂಲ್ ಮಕ್ಕಳಿಗೆ ಎರಡು ವರ್ಷದಿಂದ ಟ್ಯೂಷನ್ ಹೇಳುತ್ತಿದ್ದಾಳೆ. ಲೆಕ್ಚರರ್ ಆಗುತ್ತೇನೆ ಎನ್ನುವವಳಿಗೆ ಇದಕ್ಕಿಂತ ಒಳ್ಳೆಯ ಪುರಾವೆ ಯಾವುದು?

ದೌರ್ಬಲ್ಯಕ್ಕೂ ಪುರಾವೆ ಬೇಕು. ನಾಚಿಕೆ ಸ್ವಭಾವ ಎಂದರೆ ಏನೂ ತಿಳಿಯದು. ಈ ಕಂಪನಿ ಸಿಗುವ ಮೊದಲು ಎರಡು ಕಂಪನಿಗಳ ಗುಂಪು ಚರ್ಚೆಯಲ್ಲಿ ಬಾಯಿಬಿಡದೆ ಹೊರಬಿದ್ದೆ ಎಂದರೆ ತಿಳಿಯುತ್ತದೆ. ಪಿಯುಸಿಯಲ್ಲಿ ಕಾಮರ್ಸ್ ತೆಗೆದುಕೊಂಡಿದ್ದರಿಂದ ಗಣಿತ ಬಿಟ್ಟುಹೋಗಿದೆ. ಎಂಸಿಎ ಪ್ರವೇಶಕ್ಕೆ ರಾಜ್ಯದಲ್ಲಿ ಪಿಜಿಸಿಇಟಿ ಬರೆಯಬೇಕು. 100 ಅಂಕದ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಗಡಿಯಾರ ಇಟ್ಟುಕೊಂಡು ಮನೆಯಲ್ಲೇ ಬರೆದು ನೋಡು ಎಂದರೆ 38 ಬಂತು. ಗಣಿತದ ಪ್ರಶ್ನೆಗಳಲ್ಲೇ ಹೆಚ್ಚು ತಪ್ಪು. ಸುರತ್ಕಲ್‌ನ ಎನ್‌ಐಟಿಕೆಯಲ್ಲೂ ಎಂಸಿಎ ಇದೆ, ಅದಕ್ಕೆ ನಿಮ್‌ಸೆಟ್ ಎಂಬ ಬೇರೆ ಪರೀಕ್ಷೆ, ಅಲ್ಲಿ ಗಣಿತದ ಭಾರ ಇನ್ನೂ ಹೆಚ್ಚು. ಮನೆಯಿಂದ ಹೋಗಿಬರಬಹುದಾದ ಅಷ್ಟು ದೊಡ್ಡ ಸಂಸ್ಥೆ ಅವಕಾಶದ ಕೋಣೆಯಲ್ಲಿ ಇರುವುದು ನಿಜ, ಆದರೆ 38 ಎಂಬ ಅಂಕೆ ಪಕ್ಕದ ಕೋಣೆಯಲ್ಲಿ ಕೂತಿರುವಾಗ ಅದು ಈ ವರ್ಷದ ಅವಕಾಶವಲ್ಲ. ಇಂಥ ಮಾತು ಹೇಳಲು ಯಾರಿಗೂ ಮನಸ್ಸಾಗುವುದಿಲ್ಲ, ಅದಕ್ಕೇ ಅಂಕೆಯಿಂದ ಹೇಳಿಸುವುದು ಒಳ್ಳೆಯದು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇವೆ. ಬ್ಯಾರಿ, ತುಳು, ಕನ್ನಡ, ಮಲಯಾಳಂ, ಒಂದಿಷ್ಟು ಉರ್ದು ಬರುವ ನಮ್ಮ ಮಕ್ಕಳು ಭಾಷೆಯ ಜಾಗದಲ್ಲಿ ‘ಇಂಗ್ಲಿಷ್ ಸಾಧಾರಣ’ ಎಂದಷ್ಟೇ ಬರೆಯುತ್ತಾರೆ. ಕೇರಳದ ಗ್ರಾಹಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಮಲಯಾಳಂ ಒಂದು ಅರ್ಹತೆಯೇ. ಬರೆಯಿರಿ.

ಹಣದ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು, ಏಕೆಂದರೆ ಮನೆಯಲ್ಲಿ ಜಗಳವಾಗುವುದು ಇಲ್ಲೇ. 3,60,000 ಎಂದ ಕೂಡಲೇ ತಂದೆ ಹನ್ನೆರಡರಿಂದ ಭಾಗಿಸಿ, ಮಗಳಿಗೆ ಮೂವತ್ತು ಸಾವಿರ ಸಂಬಳ ಎಂದು ಸಂಬಂಧಿಕರಿಗೆ ಹೇಳಿಬಿಟ್ಟಿರುತ್ತಾರೆ. ಆಫರ್ ಪತ್ರದ ಎರಡನೇ ಪುಟವನ್ನು ಯಾರೂ ನೋಡಿರುವುದಿಲ್ಲ. ನಮ್ಮ ಉದಾಹರಣೆಯ ಪತ್ರದಲ್ಲಿ ಹೀಗಿದೆ: 36,000 ರೂಪಾಯಿ ವರ್ಷದ ಕೊನೆಗೆ ಕೆಲಸ ನೋಡಿ ಕೊಡುವ ಮೊತ್ತ. ಅದು ಪೂರ್ತಿ ಬರಬಹುದು, ಬಾರದೆಯೂ ಇರಬಹುದು. ಕಂಪನಿ ಭವಿಷ್ಯನಿಧಿಗೆ ಕಟ್ಟುವ 21,600 ಇದರೊಳಗೇ ಸೇರಿದೆ. ಹಲವು ವರ್ಷ ದುಡಿದ ಮೇಲಷ್ಟೇ ಕೈಗೆ ಬರುವ ಗ್ರಾಚ್ಯುಟಿಗೆ 8,400, ಆರೋಗ್ಯ ವಿಮೆಗೆ 6,000. ಇವೆಲ್ಲ ಸೇರಿ 72,000 ಆಯಿತು. ಉಳಿದದ್ದು 2,88,000, ಅಂದರೆ ತಿಂಗಳಿಗೆ 24,000. ಅದರಲ್ಲಿ ಅವಳ ಪಾಲಿನ ಭವಿಷ್ಯನಿಧಿ 1,800 ಕಡಿತವಾದರೆ ಬ್ಯಾಂಕಿಗೆ ಬರುವುದು 22,200.

ಇನ್ನು ಖರ್ಚು. ಊಟ ಸಹಿತ ಹುಡುಗಿಯರ ಪಿಜಿಗೆ 9,000 ಇಟ್ಟುಕೊಳ್ಳೋಣ. ಫೋನು, ಬಟ್ಟೆ, ಸಾಬೂನು, ಔಷಧಿಗೆ 2,000. ಓಡಾಟಕ್ಕೆ ಹುಡುಗರಾದರೆ ಹೆಚ್ಚು ಬೇಕಾಗುತ್ತಿತ್ತು. ಹುಡುಗಿಯಾದ್ದರಿಂದ 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸೂ, ಊರಿಗೆ ಬರುವ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸೂ ಉಚಿತ. ಆಟೋಗೆ, ಮೆಟ್ರೋಗೆ ಅಂತ 1,000 ಇಡೋಣ. ಒಟ್ಟು 12,000. ಮನೆಗೆ ಕಳಿಸಬಹುದಾದದ್ದು 10,200. ಮೂವತ್ತು ಸಾವಿರ ಎಂದುಕೊಂಡಿದ್ದ ಮನೆಗೆ ಹತ್ತು ಸಾವಿರ ಬಂದರೆ ಆಗುವ ಬೇಸರ ನೀವೇ ಊಹಿಸಿ. ಮೊದಲೇ ಲೆಕ್ಕ ತೋರಿಸಿದರೆ ಆ ಹತ್ತು ಸಾವಿರವೇ ದೊಡ್ಡದಾಗಿ ಕಾಣುತ್ತದೆ. ಉಮ್ಮನ ಬೀಡಿ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಿದರೆ ಅದು ನಿಜಕ್ಕೂ ದೊಡ್ಡದೇ.

ಓದಿನ ಖರ್ಚನ್ನೂ ಹೀಗೇ ಲೆಕ್ಕ ಹಾಕಬೇಕು. ಅವಳು ವಿಚಾರಿಸಿದ ಕಾಲೇಜಿನಲ್ಲಿ ಎರಡು ವರ್ಷದ ಶುಲ್ಕ 1,40,000 ಎಂದಿಟ್ಟುಕೊಳ್ಳೋಣ. ನಮ್ಮ ಕರಾವಳಿಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಶಕ್ತಿ ಯೋಜನೆ ಅಲ್ಲಿ ನಡೆಯುವುದಿಲ್ಲ. ತಿಂಗಳಿಗೆ 1,500ರಂತೆ ಇಪ್ಪತ್ತು ತಿಂಗಳಿಗೆ 30,000. ಪುಸ್ತಕ, ಪರೀಕ್ಷಾ ಶುಲ್ಕ 10,000. ಕೈಯಿಂದ ಹೋಗುವುದು 1,80,000. ಇದರ ಮೇಲೆ, ಕೆಲಸಕ್ಕೆ ಹೋಗದಿದ್ದರಿಂದ ಮನೆ ಕಳೆದುಕೊಳ್ಳುವ ಹಣವನ್ನೂ ಸೇರಿಸಬೇಕು. ಎರಡು ವರ್ಷದ ಪ್ಯಾಕೇಜ್ 7,20,000 ಎಂದು ಬರೆಯುವುದು ತಪ್ಪು. ಬೆಂಗಳೂರಿನಲ್ಲಿ ಖರ್ಚಾಗಿಹೋಗುವ ಹಣವನ್ನು ಕಳೆದುಕೊಂಡಂತೆ ಅಲ್ಲವಲ್ಲ. ಮನೆಗೆ ಮುಟ್ಟಬಹುದಾಗಿದ್ದ 10,200ನ್ನು 24ರಿಂದ ಗುಣಿಸಿ, 2,44,800 ಬರುತ್ತದೆ. ಒಟ್ಟು 4,24,800. ಎಂಸಿಎಯ ನಿಜವಾದ ಬೆಲೆ ಈ ಮನೆಗೆ ಇಷ್ಟು. ಏಳು ಲಕ್ಷ ಎಂದು ಹೆದರುವುದೂ ಬೇಡ, ಬರೀ ಶುಲ್ಕ ನೋಡಿ ಸಮಾಧಾನಪಡುವುದೂ ಬೇಡ.

ಈ ಹಣ ಎಲ್ಲಿಂದ? ಬಡ್ಡಿಯ ಸಾಲ ಬೇಡ ಎಂಬುದು ಅನೇಕ ಮನೆಗಳ ನಿಲುವು. ಅದನ್ನು ಹಾಳೆಯಲ್ಲಿ ಬಚ್ಚಿಡಬೇಡಿ. ಅದು ದೌರ್ಬಲ್ಯವಲ್ಲ, ಹಾಕಿಕೊಂಡ ಗೆರೆ. ಹಾಳೆಯ ತಲೆಯಲ್ಲಿ, ಗುರಿಯ ಕೆಳಗೇ ಬರೆಯಿರಿ. ಆಗ ಬ್ಯಾಂಕ್ ಸಾಲದಿಂದ ಮಾತ್ರ ಸಾಧ್ಯವಾಗುವ ದಾರಿಗಳು ತಾವಾಗಿಯೇ ಬಿಟ್ಟುಹೋಗುತ್ತವೆ, ಚರ್ಚೆ ಚಿಕ್ಕದಾಗುತ್ತದೆ. ವಿದ್ಯಾರ್ಥಿವೇತನಗಳನ್ನು ಅವಕಾಶದ ಕೋಣೆಯಲ್ಲಿ ಬರೆಯುವಾಗ ಎಚ್ಚರ. ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ ಇನ್ನು ಮುಂದೆ ಇಲ್ಲ ಎಂದು 2022ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ಸರಕಾರ ತಿಳಿಸಿತು. ಅದನ್ನೇ ನಂಬಿ ಪಿಎಚ್‌.ಡಿ. ಯೋಜನೆ ಹಾಕಿಕೊಂಡಿದ್ದವರಿಗೆ ಏನಾಯಿತೆಂದು ನೀವು ಬಲ್ಲಿರಿ. ಈ ವರ್ಷ ಅರ್ಜಿ ಕರೆದಿರುವುದನ್ನು ಮಾತ್ರ ಅವಕಾಶ ಎನ್ನಿ. ಹೋದ ವರ್ಷ ಇತ್ತು ಎಂಬುದನ್ನು ವಿಚಾರಿಸಬೇಕಾದದ್ದು ಎಂದು ಬರೆದುಕೊಳ್ಳಿ. ನಮ್ಮ ಟ್ರಸ್ಟ್‌ನ ನೆರವನ್ನೂ ಹಾಗೆಯೇ ಬರೆಯಿರಿ. ದಾನಿಗಳು ಕೊಟ್ಟಷ್ಟನ್ನೇ ನಾವು ಹಂಚುವುದು.

ಹೊರಗಿನ ಕೋಣೆಗಳಲ್ಲಿ ಊಹೆಗಳು ತುಂಬಿಕೊಳ್ಳುತ್ತವೆ. ನಮ್ಮ ಹುಡುಗಿ ಅಪಾಯದಲ್ಲಿ ‘ಶಿರವಸ್ತ್ರಕ್ಕೆ ಅಡ್ಡಿಯಾಗಬಹುದು’ ಎಂದು ಬರೆದಿದ್ದಳು. ಆ ಆತಂಕ ಎಲ್ಲಿಂದ ಬಂತೆಂದು ಯಾರೂ ವಿವರಿಸಬೇಕಿಲ್ಲ. ಆದರೆ ಅವಳು ಕಂಪನಿಯನ್ನು ಕೇಳಿರಲಿಲ್ಲ. ಎರಡು ಸಾಲಿನ ಇಮೇಲ್ ಬರೆದು ಕೇಳಿದಳು, ಅಂಥ ನಿರ್ಬಂಧವಿಲ್ಲ ಎಂದು ಮರುದಿನವೇ ಉತ್ತರ ಬಂತು. ಒಂದು ಸಾಲು ಅಳಿಸಿಹೋಯಿತು. ಉತ್ತರ ಬೇರೆ ಬಂದಿದ್ದರೂ ಸೇರುವ ಮೊದಲೇ ಗೊತ್ತಾಗುತ್ತಿತ್ತು. ಹುಡುಗರು ಜುಮಾ ನಮಾಜಿನ ಸಮಯದ ಬಗ್ಗೆಯೂ ಹೀಗೆಯೇ ಕೇಳಬಹುದು. ಕೇಳಿದರೆ ಕೆಲಸ ಹೋಗುತ್ತದೆ ಎಂದು ಹೆದರುವವರಿಗೆ ನಮ್ಮ ಅನಿಸಿಕೆ ಇಷ್ಟೇ: ಮರ್ಯಾದೆಯಿಂದ ಕೇಳಿದ ಒಂದು ಪ್ರಶ್ನೆಗೇ ಹೋಗುವ ಕೆಲಸ ಆರು ತಿಂಗಳ ನಂತರವೂ ಹೋಗುತ್ತಿತ್ತು.

ಆಫರ್ ಪತ್ರದಲ್ಲೇ ಇರುವ ಅಪಾಯಗಳನ್ನು ಮಾತ್ರ ಅವಳು ಬರೆದಿರಲಿಲ್ಲ. ಅವು ಮೂರು. ಸೇರುವ ದಿನಾಂಕದ ಜಾಗದಲ್ಲಿ ‘ಮುಂದೆ ತಿಳಿಸಲಾಗುವುದು’ ಎಂದಿದೆ. ಕಳೆದ ಕೆಲವು ವರ್ಷಗಳಲ್ಲಿ ಆಫರ್ ಸಿಕ್ಕ ಹೊಸಬರು ತಿಂಗಳುಗಟ್ಟಲೆ ಕಾದದ್ದನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ಎರಡನೆಯದು, ಎಲ್ಲ ಸೆಮಿಸ್ಟರ್ ಸೇರಿ 60 ಶೇಕಡಾ ಇರಬೇಕು, ಯಾವ ವಿಷಯವೂ ಬಾಕಿ ಇರಬಾರದು ಎಂಬ ಷರತ್ತು. ಮೂರನೆಯದು, ಎರಡು ವರ್ಷದೊಳಗೆ ಬಿಟ್ಟರೆ ತರಬೇತಿಯ ಖರ್ಚೆಂದು ಇಂತಿಷ್ಟು ಹಣ ಕಟ್ಟಬೇಕು ಎಂಬ ಒಪ್ಪಂದ. ಸಹಿ ಹಾಕುವ ಮೊದಲು ಆ ಮೊತ್ತ, ಅವಧಿ, ಅದು ತಿಂಗಳು ಕಳೆದ ಹಾಗೆ ಕಡಿಮೆಯಾಗುತ್ತದೆಯೇ ಎಂಬುದನ್ನು ಓದಿ. ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುತ್ತೇವೆ ಎಂದರೆ ಕೊಡಬೇಡಿ. ಮೂಲವನ್ನು ತೋರಿಸಿ, ಪ್ರತಿ ಕೊಡಿ.

ಮದುವೆಯ ವಿಷಯ ಹೆಣ್ಣುಮಕ್ಕಳ ಹಾಳೆಯಲ್ಲಿ ಎಂದೂ ಇರುವುದಿಲ್ಲ, ಎಲ್ಲರ ಮನಸ್ಸಿನಲ್ಲೂ ಇರುತ್ತದೆ. ಒಳ್ಳೆಯ ಸಂಬಂಧ ಬಂದರೆ ಓದು ಅಥವಾ ಕೆಲಸ ಅರ್ಧಕ್ಕೆ ನಿಲ್ಲುತ್ತದೆಯೇ? ಪೋಷಕರೇ, ಇದಕ್ಕೆ ಉತ್ತರ ನಿಮ್ಮ ಹತ್ತಿರ ಮಾತ್ರ ಇದೆ. ಮಗಳು ಕೇಳಲಾರಳು, ಆದ್ದರಿಂದ ನೀವೇ ಹೇಳಿಬಿಡಿ. ಎರಡು ವರ್ಷ ಆ ಮಾತು ಎತ್ತುವುದಿಲ್ಲ ಎನ್ನಿ, ಇಲ್ಲವೇ ಬಂದರೆ ಓದು ಮುಂದುವರಿಸುವ ಷರತ್ತಿನ ಮೇಲೆ ನೋಡುತ್ತೇವೆ ಎನ್ನಿ. ಯಾವುದೇ ಆದರೂ ಅವಳಿಗೆ ಗೊತ್ತಿದ್ದರೆ ಲೆಕ್ಕ ಹಾಕಬಲ್ಲಳು.

ನಾಲ್ಕು ಕೋಣೆ ತುಂಬಿದ ಮೇಲೆ ಬಹುತೇಕರು ನಿಲ್ಲಿಸುತ್ತಾರೆ. ನಿಜವಾದ ಕೆಲಸ ಆಮೇಲೆ ಇರುವುದು. ಹೈನ್ಸ್ ವೈರಿಚ್ ಎಂಬ ನಿರ್ವಹಣಾ ಶಾಸ್ತ್ರದ ಪ್ರಾಧ್ಯಾಪಕರು 1982ರಲ್ಲಿ ಇದೇ ಹಾಳೆಯನ್ನು ಮುಂದುವರಿಸಿ, ಒಳಗಿನ ಒಂದೊಂದು ಸಾಲನ್ನು ಹೊರಗಿನ ಒಂದೊಂದು ಸಾಲಿನ ಜೊತೆ ಜೋಡಿಸಿ ನೋಡುವ ಕ್ರಮ ಹೇಳಿದರು. ಅಕ್ಷರಗಳನ್ನು ತಿರುಗಿಸಿ ಅದಕ್ಕೆ ಟೌಸ್ ಎಂದು ಹೆಸರಿಟ್ಟರು. ಹೆಸರು ಮರೆತರೂ ತೊಂದರೆಯಿಲ್ಲ, ಜೋಡಿಸುವುದನ್ನು ಮರೆಯಬೇಡಿ.

ನಮ್ಮ ಹುಡುಗಿಯದನ್ನು ಜೋಡಿಸೋಣ. ಅಂಗಡಿಯ ಪ್ರೋಗ್ರಾಂ ಬರೆದ ಸಾಮರ್ಥ್ಯದ ಎದುರು ಒಂದು ಅವಕಾಶವಿದೆ. ಕೆಲಸದಲ್ಲಿದ್ದುಕೊಂಡೇ ಇಗ್ನೋದಲ್ಲಿ ಎರಡು ವರ್ಷದ ಎಂಸಿಎ ಓದಬಹುದು. ಮಾನ್ಯತೆ ಪಡೆದ ಸಂಸ್ಥೆಗಳು ದೂರಶಿಕ್ಷಣದಲ್ಲೋ ಆನ್‌ಲೈನ್‌ನಲ್ಲೋ ಕೊಡುವ ಪದವಿಯನ್ನು ರೆಗ್ಯುಲರ್ ಪದವಿಗೆ ಸಮ ಎಂದು ಪರಿಗಣಿಸಬೇಕೆಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಬಿಸಿಎ, ಬಿ.ಎಸ್ಸಿ. ಮುಗಿಸಿದವರನ್ನು ಕೆಲಸಕ್ಕೆ ತೆಗೆದುಕೊಂಡು ಜೊತೆಗೇ ಎಂ.ಟೆಕ್ ಓದಿಸುವ ಕಾರ್ಯಕ್ರಮ ವಿಪ್ರೋದಲ್ಲಿದೆ. ಅಂಥದ್ದರಲ್ಲಿ ಹಲವು ವರ್ಷ ಬಿಡುವ ಹಾಗಿಲ್ಲ ಎಂಬುದನ್ನು ಅಪಾಯದ ಕೋಣೆಯಲ್ಲಿ ಬರೆದುಕೊಂಡೇ ಅರ್ಜಿ ಹಾಕಬೇಕು. ದುಡಿದು ಬಂದು ರಾತ್ರಿ ಓದುವುದು ಹೇಳಿದಷ್ಟು ಸುಲಭವಲ್ಲ. ತರಗತಿಯ ಗೆಳೆಯರಿಲ್ಲ, ಕ್ಯಾಂಪಸ್ ಸಂದರ್ಶನವಿಲ್ಲ. ಆದರೆ ನೆಟ್ ಬರೆಯುವ ಅರ್ಹತೆಗೆ ಅದು ಸಾಕು.

ಇಂಗ್ಲಿಷ್ ಮಾತಿನ ದೌರ್ಬಲ್ಯದ ಎದುರು ಸೇರುವ ದಿನ ಮುಂದೆ ಹೋಗುವ ಅಪಾಯವನ್ನು ಇಡೋಣ. ಎರಡೂ ಒಟ್ಟಿಗೆ ಬಂದರೆ ಕೆಟ್ಟದ್ದು, ಮನೆಯಲ್ಲಿ ಸುಮ್ಮನೆ ಕೂರುವ ತಿಂಗಳುಗಳು. ಆ ತಿಂಗಳುಗಳಿಗೆ ಈಗಲೇ ಕೆಲಸ ಹಚ್ಚಬೇಕು. ಪಿಜಿಸಿಇಟಿಗೆ ಅರ್ಜಿ ಹಾಕಿಯೇ ಇರಬೇಕು, ಗಣಿತ ಓದಬೇಕು, ಟ್ಯೂಷನ್ ಮಕ್ಕಳಿಗೆ ವಾರಕ್ಕೆ ಎರಡು ದಿನ ಇಂಗ್ಲಿಷ್‌ನಲ್ಲೇ ಪಾಠ ಹೇಳಬೇಕು. ಬಾಯಿ ತಿರುಗುವುದು ಹಾಗೆ.

ಎಂಸಿಎ ಮಾಡಿದರೆ ಸಂಬಳ ಎಷ್ಟು ಹೆಚ್ಚು ಎಂಬುದನ್ನು ಕಾಲೇಜಿನ ಜಾಹೀರಾತಿನಿಂದ ತಿಳಿಯಲಾಗದು. ಅಲ್ಲಿ ಎಲ್ಲರಿಗಿಂತ ಹೆಚ್ಚು ಪಡೆದವರ ಫೋಟೋ ಮಾತ್ರ ಇರುತ್ತದೆ. ಅವಳು ಎರಡು ವರ್ಷ ಹಿಂದಿನ ಎಂಸಿಎ ಸೀನಿಯರ್‌ಗಳಲ್ಲಿ ಹನ್ನೊಂದು ಮಂದಿಗೆ ಫೋನ್ ಮಾಡಿದಳು ಎಂದಿಟ್ಟುಕೊಳ್ಳಿ. ಸಂಬಳಗಳನ್ನು ಕ್ರಮವಾಗಿ ಬರೆದು ನಡುವಿನ ಆರನೆಯದನ್ನು ನೋಡಿದರೆ ನಾಲ್ಕೂವರೆ ಲಕ್ಷ. ಬಿಸಿಎ ಮುಗಿಸಿ ಎರಡು ವರ್ಷ ದುಡಿದ ಐವರದ್ದು ನಾಲ್ಕರಿಂದ ಆರರ ನಡುವೆ. ಅಂದರೆ ಎರಡು ವರ್ಷದ ಕೊನೆಗೆ ಸಂಬಳದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ನಿಮ್ಮ ಊರು, ನಿಮ್ಮ ವಿಷಯಕ್ಕೆ ಅಂಕೆಗಳು ಬೇರೆ ಬರುತ್ತವೆ, ಫೋನ್ ಮಾಡುವ ಕ್ರಮ ಒಂದೇ. ಹತ್ತು ಫೋನ್ ಮಾಡಲು ಎರಡು ಸಂಜೆ ಸಾಕು.

ಇಷ್ಟಾದ ಮೇಲೆ ಅವಳ ನಿರ್ಧಾರ ಹೀಗೆ ಬಂತು. ಆಫರ್ ಒಪ್ಪಿಕೊಳ್ಳುತ್ತೇನೆ, ಪಿಜಿಸಿಇಟಿಯನ್ನೂ ಬರೆಯುತ್ತೇನೆ. ಎಂಸಿಎ ಸೀಟಿಗೆ ಹಣ ಕಟ್ಟುವ ಕೊನೆಯ ದಿನದೊಳಗೆ ಸೇರುವ ದಿನಾಂಕ ಬಂದರೆ ಬೆಂಗಳೂರು, ಆರು ತಿಂಗಳು ಕೆಲಸ ರೂಢಿಯಾದ ಮೇಲೆ ಇಗ್ನೋ. ದಿನಾಂಕ ಬಾರದೆ, ಸರಕಾರಿ ಶುಲ್ಕದ ಸೀಟು ಸಿಕ್ಕಿದರೆ ಓದು. ತಮ್ಮನಿಗೆ ಸಿಇಟಿ ಮೂಲಕ ವೃತ್ತಿಶಿಕ್ಷಣದ ಸೀಟು ಸಿಕ್ಕಿದರೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಯೋಜನೆಯ ಆ ವರ್ಷದ ನಿಯಮ ಓದಿ, ಮನೆಯವರು ಹಾಕಿಕೊಂಡ ಗೆರೆಯೊಳಗೆ ಬರುತ್ತದೆಯೇ ನೋಡುವುದು. ಇದು ಈ ಮನೆಯ ಉತ್ತರ. ತಾಯಿಗೆ ಬೆನ್ನುನೋವಿಲ್ಲದೆ, ತಮ್ಮ ಇನ್ನೂ ಎಂಟನೇ ತರಗತಿಯಲ್ಲಿದ್ದು, ಹಳೆಯ ಪ್ರಶ್ನೆಪತ್ರಿಕೆಯಲ್ಲಿ 38ರ ಬದಲು 65 ಬಂದಿದ್ದರೆ ನಾವೇ ಅವಳಿಗೆ ಓದು ಎನ್ನುತ್ತಿದ್ದೆವು.

ಹಾಳೆಯ ಕೆಳಗೆ ದಿನಾಂಕ ಹಾಕಿ, ಮತ್ತೆ ಯಾವಾಗ ನೋಡುತ್ತೀರಿ ಎಂದೂ ಬರೆಯಿರಿ. ಫಲಿತಾಂಶ ಬಂದ ದಿನ, ಸೇರುವ ಪತ್ರ ಬಂದ ದಿನ, ತಮ್ಮನ ಸಿಇಟಿ ರ‍್ಯಾಂಕ್ ಬಂದ ದಿನ. ಬೇರೆ ದಿನ ತೆಗೆದು ನೋಡುತ್ತಿದ್ದರೆ ಮನಸ್ಸು ಅಲ್ಲಾಡುತ್ತದೆ, ಅಷ್ಟೆ.

ಇನ್ನು ಅರ್ಜಿಯ ವಿಷಯ. ವಿಶ್ಲೇಷಣೆ ಕೈಬರಹದಲ್ಲಿ, ಎರಡು ಪುಟ ಮೀರದಂತೆ ಇರಲಿ. ಕನ್ನಡ, ಇಂಗ್ಲಿಷ್, ಉರ್ದು ಯಾವುದಾದರೂ ಸರಿ. ಸಾಮರ್ಥ್ಯ, ದೌರ್ಬಲ್ಯದಲ್ಲಿ ಮೂರು ಮೂರು ಸಾಲು ಸಾಕು, ಪ್ರತಿಯೊಂದಕ್ಕೂ ಪುರಾವೆ ಬರೆಯಿರಿ. ಆಫರ್ ಇದ್ದರೆ ಪತ್ರದ ಎಲ್ಲ ಪುಟಗಳ ಪ್ರತಿ, ಓದುವುದಾದರೆ ಕಾಲೇಜಿನ ಶುಲ್ಕದ ಪಟ್ಟಿ ಜೊತೆಗಿರಲಿ. ಕೊನೆಯಲ್ಲಿ ತಂದೆ ಅಥವಾ ತಾಯಿ ಓದಿ ಸಹಿ ಹಾಕಬೇಕು. ಓದಲು ಬಾರದವರಿಗೆ ಮಕ್ಕಳೇ ಓದಿಹೇಳಿ. ಕೆಲಸ ಆರಿಸಿಕೊಂಡರೆ ಟ್ರಸ್ಟ್ ಕೈಬಿಡುತ್ತದೆ ಎಂಬ ಮಾತು ಕೆಲವರಲ್ಲಿದೆ, ಅದು ಸರಿಯಲ್ಲ. ಮೊದಲ ಸಂಬಳ ಬರುವವರೆಗೆ ಪಿಜಿಯ ಮುಂಗಡ, ಮೊದಲ ತಿಂಗಳ ಬಾಡಿಗೆ, ಪ್ರಯಾಣಕ್ಕೆ ಸುಮಾರು ಇಪ್ಪತ್ತೈದು ಸಾವಿರ ಬೇಕಾಗುತ್ತದೆ. ಅದಿಲ್ಲದೆ ಸಿಕ್ಕ ಕೆಲಸಕ್ಕೆ ಹೋಗದೆ ಉಳಿಯುವವರೂ ಇದ್ದಾರೆ. ಅಂಥವರಿಗೆ ಕರ್ಜೆ ಹಸನ ನಿಧಿಯಿಂದ ಬಡ್ಡಿಯಿಲ್ಲದ ಸಾಲ ಕೊಡುತ್ತೇವೆ, ಸಂಬಳ ಶುರುವಾದ ಮೇಲೆ ಕಂತಿನಲ್ಲಿ ಹಿಂದಿರುಗಿಸಬೇಕು. ಝಕಾತ್ ನಿಧಿಯ ವಿದ್ಯಾರ್ಥಿವೇತನ ಅರ್ಹ ಕುಟುಂಬಗಳಿಗೆ ಮಾತ್ರ, ಆದ್ದರಿಂದ ಮನೆಯ ಆದಾಯದ ವಿವರ ಎರಡೂ ಅರ್ಜಿಗಳಲ್ಲಿ ಒಂದೇ ರೀತಿ ಇರಬೇಕು. ನಮೂನೆಗಳು ಈ ವರದಿಯ ಕೊನೆಯ ಪುಟಗಳಲ್ಲಿವೆ. ತುಂಬುವಾಗ ಸಂದೇಹ ಬಂದರೆ ಕಚೇರಿಗೆ ಬನ್ನಿ, ಆಫರ್ ಪತ್ರವನ್ನು ಒಟ್ಟಿಗೆ ಕೂತು ಓದೋಣ.